ಅರವತ್ನಾಲ್ಕು ಮಕ್ಕಳು, ನಾಲ್ಕು ಪೀರಿಯಡ್ಡು, ಹತ್ತು ಅಂಕ

(ತಾಲ್ಲೂಕಿನ ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಆಡಿದ ಮಾತುಗಳನ್ನು ಕೂತು ಬರೆದದ್ದು. ಮಾತಿನಲ್ಲಿ ತಡವರಿಸಿದ್ದನ್ನು ತಿದ್ದಿದ್ದೇನೆ, ನಡುವೆ ಬಂದ ಕೆಲವು ಪ್ರಶ್ನೆಗಳನ್ನು ಒಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನನ್ನ ಸೋಲಿನ ಕಥೆ ಹೇಳಿಬಿಡುತ್ತೇನೆ. ಯಾಕೆಂದರೆ ಮಿಕ್ಕಿದ್ದೆಲ್ಲ ಅಲ್ಲಿಂದಲೇ ಶುರುವಾಗಿದ್ದು.

ನನ್ನ ಒಂಬತ್ತನೇ ತರಗತಿಯಲ್ಲಿ 64 ಮಕ್ಕಳು. ಕನ್ನಡ ಮಾಧ್ಯಮ, ಇಂಗ್ಲಿಷ್ ದ್ವಿತೀಯ ಭಾಷೆ. ಎಲ್ಲರ ಇಂಗ್ಲಿಷ್ ಮಾತನ್ನು ಒಮ್ಮೆ ಪರೀಕ್ಷೆ ಮಾಡೋಣ ಅಂತ ಹೋದ ವರ್ಷ ಹುರುಪು ಬಂತು. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯ 80 ಅಂಕ ಪೂರ್ತಿ ಬರವಣಿಗೆಯದ್ದೇ. ಬಾಯಿ ತೆರೆಯದೆ ನೂರಕ್ಕೆ ತೊಂಬತ್ತು ತೆಗೆಯುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಸರಿ, ರಾತ್ರಿ ಕೂತು ಒಂದು ರೂಬ್ರಿಕ್ ಬರೆದೆ. ಆರು ಸಾಲು: ಉಚ್ಚಾರಣೆ, ವ್ಯಾಕರಣ, ಪದಸಂಪತ್ತು, ನಿರರ್ಗಳತೆ, ಆತ್ಮವಿಶ್ವಾಸ, ಹಾವಭಾವ. ಪ್ರತಿ ಸಾಲಿಗೆ 5 ಅಂಕ, ಒಟ್ಟು 30. ಗೆರೆ ಹೊಡೆದು, ಎರಡು ಬಣ್ಣದ ಪೆನ್ನಲ್ಲಿ ಬರೆದು, ನೋಡೋಕೆ ಬಹಳ ಚಂದ ಇತ್ತು.

ಮಾರನೇ ದಿನ ಮೂರನೇ ಹುಡುಗ ಮಾತಾಡುವ ಹೊತ್ತಿಗೆ ಅದು ಕುಸಿಯಿತು. ಅವನು ಮಾತಾಡುತ್ತಿದ್ದಾನೆ, ನಾನು ಎರಡನೆಯವಳ ಪದಸಂಪತ್ತಿಗೆ ಎಷ್ಟು ಕೊಡಲಿ ಅಂತ ಯೋಚಿಸುತ್ತಿದ್ದೇನೆ. ತಲೆ ಎತ್ತಿದರೆ ಅವನ ಮಾತು ಮುಗಿದಿದೆ. ಒಂದಕ್ಷರ ಕೇಳಿಸಿಕೊಂಡಿಲ್ಲ. ಸುಮ್ನೆ ಎಲ್ಲ ಸಾಲಿಗೂ 3 ಬರೆದೆ. ಆಮೇಲೆ ಪಟ್ಟಿ ನೋಡಿದರೆ ಮುಕ್ಕಾಲು ತರಗತಿಗೆ ಎಲ್ಲ ಸಾಲಲ್ಲೂ 3. ನಾನು ಕೊಟ್ಟದ್ದು ಅಂಕ ಅಲ್ಲ, ನನ್ನ ಸುಸ್ತಿನ ಲೆಕ್ಕ.

ಇದರಲ್ಲಿ ಎರಡು ತಪ್ಪಿದ್ದವು. ಒಂದು, ಆರು ಸಾಲನ್ನು ಕಿವಿ ಕೊಟ್ಟು ಕೇಳುತ್ತಲೇ ತೂಗುವುದು ಒಬ್ಬ ಮನುಷ್ಯನಿಗೆ ಆಗದ ಕೆಲಸ. ಕೇಂಬ್ರಿಡ್ಜಿನ ಹಲವು ಇಂಗ್ಲಿಷ್ ಮಾತಿನ ಪರೀಕ್ಷೆಗಳಲ್ಲಿ ಅಭ್ಯರ್ಥಿಗಳನ್ನು ಜೋಡಿಯಾಗಿ ಕೂರಿಸುತ್ತಾರೆ, ಎದುರಿಗೆ ಪರೀಕ್ಷಕರೂ ಇಬ್ಬರು. ಒಬ್ಬರು ಮಾತಾಡಿಸುತ್ತಾರೆ, ಇನ್ನೊಬ್ಬರು ಬಾಯಿ ಬಿಡದೆ ಅಂಕ ಬರೆಯುತ್ತಾರೆ. ಅಲ್ಲಿ ಇಬ್ಬರಿಗೆ ಹಂಚಿದ್ದನ್ನು ನಾನೊಬ್ಬಳೇ ಹೊರಲು ಹೋಗಿದ್ದೆ. ಮತ್ತೊಂದು, ಐದರ ಅಳತೆಯಲ್ಲಿ 3 ಅನ್ನುವ ನಡುಮನೆ ಇದೆ. ಸಂದೇಹ ಬಂದಾಗೆಲ್ಲ ನಾವು ಹೋಗಿ ಅಲ್ಲೇ ಕೂರುತ್ತೇವೆ.

ಆತ್ಮವಿಶ್ವಾಸ, ಹಾವಭಾವ ಅನ್ನುವ ಸಾಲುಗಳ ಬಗ್ಗೆ ನನಗೆ ಈಗ ನಾಚಿಕೆ ಆಗುತ್ತದೆ. ನೆಲ ನೋಡಿಕೊಂಡು ಸರಿಯಾಗಿ ಉತ್ತರ ಹೇಳುವ ಹುಡುಗಿಗೆ ಅಂಕ ಕತ್ತರಿಸಿದ್ದೆ. ಹಿರಿಯರ ಮುಂದೆ ಕಣ್ಣಿಗೆ ಕಣ್ಣಿಟ್ಟು ಮಾತಾಡಬೇಡ ಅಂತ ಮನೆಯಲ್ಲಿ ಕಲಿಸಿದ್ದಾರೆ, ಅದಕ್ಕೂ ಇಂಗ್ಲಿಷಿಗೂ ಏನು ಸಂಬಂಧ? ಆ ಎರಡು ಸಾಲನ್ನು ಅವತ್ತೇ ಹೊಡೆದುಹಾಕಿದೆ.

ಹಾಗಾದರೆ ರೂಬ್ರಿಕ್ ಎಲ್ಲಿಂದ ತರೋದು? ನಾವು ಸಾಮಾನ್ಯವಾಗಿ ಪುಸ್ತಕದಿಂದ ತರುತ್ತೇವೆ. ‘ಅತ್ಯುತ್ತಮ’, ‘ಉತ್ತಮ’, ‘ತೃಪ್ತಿಕರ’ ಅಂತ ಇರುತ್ತದಲ್ಲ, ಅದು. ಅದನ್ನು ಇಟ್ಟುಕೊಂಡು ಒಂದು ಮಗುವಿನ ಮಾತು ಕೇಳಿ ನೋಡಿ. ಉತ್ತಮ ಎಲ್ಲಿ ಮುಗಿಯುತ್ತದೆ, ಅತ್ಯುತ್ತಮ ಎಲ್ಲಿ ಶುರುವಾಗುತ್ತದೆ ಅಂತ ಯಾರೂ ಹೇಳಲಾರರು. ನನಗೆ ದಾರಿ ತೋರಿಸಿದ್ದು ಬೇರೆ ಕಡೆಯ ಒಂದು ಉಪಾಯ. ಕೆನಡಾದ ಜಾನ್ ಅಪ್‌ಶರ್ ಮತ್ತು ಕ್ಯಾರೊಲಿನ್ ಟರ್ನರ್ 1995ರಲ್ಲಿ ಅದನ್ನು ಬರೆದಿದ್ದರು. ಅವರು ಹೇಳೋದು ಇಷ್ಟು: ಗುಣದ ಹೆಸರಿನಿಂದ ಶುರು ಮಾಡಬೇಡಿ, ನಿಮ್ಮ ಮಕ್ಕಳ ಮಾತಿನಿಂದ ಶುರು ಮಾಡಿ. ಕೆಲವು ಮಕ್ಕಳ ಮಾತನ್ನು ಮೇಲಿನ ಅರ್ಧ, ಕೆಳಗಿನ ಅರ್ಧ ಅಂತ ಎರಡು ಗುಂಪು ಮಾಡಿ. ಆ ಎರಡು ಗುಂಪನ್ನು ಬೇರೆ ಮಾಡುವ ಒಂದೇ ಒಂದು ಹೌದು-ಇಲ್ಲ ಪ್ರಶ್ನೆ ಹುಡುಕಿ. ಆಮೇಲೆ ಪ್ರತಿ ಗುಂಪನ್ನು ಮತ್ತೆ ಎರಡು ಮಾಡಿ, ಅಲ್ಲೂ ಒಂದೊಂದು ಪ್ರಶ್ನೆ. ಆ ಪ್ರಶ್ನೆಗಳೇ ನಿಮ್ಮ ರೂಬ್ರಿಕ್. ನಾಲ್ಕು ಮೆಟ್ಟಿಲು ಬರುತ್ತದೆ, ನಡುಮನೆ ಇರುವುದಿಲ್ಲ.

ನಾನು ಎಂಟು ಮಕ್ಕಳನ್ನು ಆರಿಸಿದೆ. ಚೆನ್ನಾಗಿ ಮಾತಾಡುತ್ತಾರೆ ಅಂತ ನಾನು ಅಂದುಕೊಂಡ ಇಬ್ಬರು, ಬಾಯಿಯೇ ಬಿಡದ ಇಬ್ಬರು, ನಡುವಿನ ನಾಲ್ವರು. ಮನೆಯವರನ್ನೂ ನಮ್ಮ ಎಚ್.ಎಂ. ಅವರನ್ನೂ ಕೇಳಿ, ಬಿಸಿಯೂಟ ಮುಗಿದ ಮೇಲೆ ಒಬ್ಬೊಬ್ಬರದು ಒಂದೊಂದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ‘ನಿಮ್ಮ ಮನೇಲಿ ಈ ವಾರ ಏನಾಯಿತು?’ ಅನ್ನೋದು ಎಲ್ಲರಿಗೂ ಒಂದೇ ಪ್ರಶ್ನೆ. ಸಂಜೆ ಕನ್ನಡ ಮೇಡಂ, ವಿಜ್ಞಾನದ ಮೇಷ್ಟ್ರು, ನಾನು ಮೂವರೂ ಕೂತೆವು. ಅಂಕ ಕೊಡುವ ಹಾಗಿಲ್ಲ. ಎಂಟರಲ್ಲಿ ಮೇಲಿನ ನಾಲ್ಕು ಯಾರು, ಕೆಳಗಿನ ನಾಲ್ಕು ಯಾರು ಅಂತ ಒಬ್ಬೊಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಬೇಕು.

ಆರು ಮಕ್ಕಳ ಬಗ್ಗೆ ಮೂವರದೂ ಒಂದೇ ಅಭಿಪ್ರಾಯ. ಜಗಳ ಬಿದ್ದದ್ದು ಇಬ್ಬರ ಬಗ್ಗೆ. ಆ ಜಗಳದಲ್ಲೇ ರೂಬ್ರಿಕ್ ಹುಟ್ಟಿತು, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಬ್ಬಳು ನಮ್ಮ ಮುಂದಿನ ಬೆಂಚಿನ ಹುಡುಗಿ. ‘ಮೈ ವಿಲೇಜ್ ಈಸ್ ವೆರಿ ಬ್ಯೂಟಿಫುಲ್. ಇಟ್ ಈಸ್ ಸರೌಂಡೆಡ್ ಬೈ ಗ್ರೀನ್ ಹಿಲ್ಸ್’ ಅಂತ ಐದು ವಾಕ್ಯ ಒಂದೂ ತಪ್ಪಿಲ್ಲದೆ ಹೇಳಿದಳು. ನಾನು ಅವಳನ್ನು ಮೇಲೆ ಹಾಕಿದೆ. ಇನ್ನೊಬ್ಬ ಹಿಂದಿನ ಸಾಲಿನ ಹುಡುಗ. ಅವನು ಹೇಳಿದ್ದು ಹೀಗೆ: ‘ಮೈ ಔಸ್ ಒನ್ ಕೌ. ಯೆಸ್ಟರ್‌ಡೇ ಮಾರ್ನಿಂಗ್ ಕಾಫ್ ಪುಟ್. ಫಾದರ್ ನಾಟ್ ದೇರ್. ಐ ಓನ್ಲಿ ಹೆಲ್ಪ್. ಕಾಫ್ ಸ್ಟ್ಯಾಂಡ್, ಫಾಲ್, ಸ್ಟ್ಯಾಂಡ್.’

ನಾನು ಅವನನ್ನು ಕೆಳಗೆ ಹಾಕಿದ್ದೆ. ವಿಜ್ಞಾನದ ಮೇಷ್ಟ್ರು ಮೇಲೆ ಹಾಕಿದ್ದರು. ‘ಮೇಡಂ, ಅವನ ಮನೇಲಿ ಏನಾಯಿತು ಅಂತ ನಂಗೆ ಪೂರ್ತಿ ಗೊತ್ತಾಯಿತು. ಅವಳು ಹೇಳಿದ ಹಸಿರು ಗುಡ್ಡ ನಮ್ಮೂರಲ್ಲಿ ಎಲ್ಲಿದೆ ತೋರಿಸಿ ನೋಡೋಣ’ ಅಂದರು. ನಮ್ಮದು ಬಯಲುಸೀಮೆ. ಗುಡ್ಡ ನೋಡಬೇಕು ಅಂದರೆ ಬಸ್ಸು ಹತ್ತಬೇಕು. ನಾನು ಕೇಳಿದ್ದು ಮನೆಯಲ್ಲಿ ಏನಾಯಿತು ಅಂತ, ಅವಳು ಹೇಳಿದ್ದು ಗೈಡಿನಲ್ಲಿದ್ದ ಪ್ರಬಂಧ. ಅಂದರೆ ಅವಳು ನನ್ನ ಪ್ರಶ್ನೆಗೆ ಉತ್ತರವನ್ನೇ ಕೊಟ್ಟಿರಲಿಲ್ಲ. ನಾನು ಅಂಕ ಕೊಟ್ಟದ್ದು ಅವಳ ನೆನಪಿನ ಶಕ್ತಿಗೆ.

ಆದರೆ ಕನ್ನಡ ಮೇಡಂ ಇನ್ನೊಂದು ಮಾತು ಎತ್ತಿದರು. ‘ಕಾಫ್ ಪುಟ್ ಅಂದಿದ್ದು ನಮಗೆ ಯಾಕೆ ಅರ್ಥ ಆಯಿತು? ನಮಗೆ ಕನ್ನಡ ಬರುತ್ತೆ ಅಂತ. ಹಸು ಕರು ಹಾಕ್ತು ಅನ್ನೋದನ್ನ ಹಾಗೇ ಹೇಳಿದಾನೆ. ಕನ್ನಡ ಬರದವರಿಗೆ ಅರ್ಥ ಆಗುತ್ತಾ?’ ನಿಜ. ನಾವು ಇಂಗ್ಲಿಷ್ ಮೇಷ್ಟ್ರುಗಳು ಮಕ್ಕಳ ಇಂಗ್ಲಿಷನ್ನು ಒಳಗೊಳಗೇ ಕನ್ನಡಕ್ಕೆ ತಿರುಗಿಸಿಕೊಂಡು ಅರ್ಥ ಮಾಡಿಕೊಳ್ಳುತ್ತೇವೆ. ಅದಕ್ಕೆ ನಮ್ಮ ಕಿವಿಯನ್ನು ಅಳತೆಗೋಲು ಮಾಡಿಕೊಳ್ಳುವ ಹಾಗಿಲ್ಲ. ಕೇಳುವವರು ಬೇರೆ ಯಾರೋ ಆಗಬೇಕು. ಯಾರು? ನಾವು ಆರಿಸಿದ್ದು, ಊರಿನ ಬ್ಯಾಂಕಿಗೆ ಹೊಸದಾಗಿ ಬಂದ, ಕನ್ನಡ ಬಾರದ ಮ್ಯಾನೇಜರ್. (ಇಲ್ಲಿ ಸಭೆಯಲ್ಲಿ ಎಲ್ಲರೂ ನಕ್ಕರು. ಎಲ್ಲರ ಊರಲ್ಲೂ ಒಬ್ಬರು ಇದ್ದಾರೆ ಅಂತಾಯಿತು.)

ಹೀಗೆ ಮೊದಲ ಪ್ರಶ್ನೆ ಸಿಕ್ಕಿತು. ‘ಮತ್ತೆ ಕೇಳದೆಯೇ ಮ್ಯಾನೇಜರ್‌ಗೆ ಉತ್ತರ ಸಿಕ್ಕಿತೇ?’ ಹೌದು ಅಂದರೆ ಮಗು ಗೆರೆಯ ಮೇಲೆ. ಅಲ್ಲಿ ಇನ್ನೊಂದು ಪ್ರಶ್ನೆ: ‘ಎಲ್ಲಾದರೂ ಒಂದು ಕಡೆ ಅವರು ತಡೆದು, ಯಾರು, ಯಾವಾಗ, ಏನು ಅಂತ ಊಹಿಸಬೇಕಾಯಿತೇ?’ ಊಹಿಸಬೇಕಾಗಿದ್ದರೆ 3, ಇಲ್ಲದಿದ್ದರೆ 4. ಗೆರೆಯ ಕೆಳಗೆ ಬಿದ್ದ ಮಗುವಿಗೆ ಬೇರೆ ಪ್ರಶ್ನೆ: ‘ಇನ್ನೊಂದು ಸಲ ಕೇಳಿದ ಮೇಲಾದರೂ ಉತ್ತರ ಸಿಕ್ಕಿತೇ?’ ಸಿಕ್ಕರೆ 2, ಇಲ್ಲದಿದ್ದರೆ 1. ಈ ಸಾಲಿಗೆ ‘ಮುಟ್ಟಿತೇ’ ಅಂತ ಹೆಸರಿಟ್ಟೆವು.

ಗಮನಿಸಿ, ಇದರಲ್ಲಿ ವ್ಯಾಕರಣ, ಉಚ್ಚಾರಣೆ ಎರಡೂ ಒಳಗೇ ಇವೆ, ಹೆಸರು ಮಾತ್ರ ಇಲ್ಲ. ನಮ್ಮ ಕಡೆ ಹಕಾರ ಬಿಟ್ಟು ಹೌಸನ್ನು ‘ಔಸ್’ ಅನ್ನುತ್ತಾರೆ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುವುದರಿಂದ ‘ಪೆನ್ನು’, ‘ಬಸ್ಸು’, ‘ಬುಕ್ಕು’ ಅಂತ ಬಾಲ ಅಂಟಿಸುತ್ತಾರೆ. ಮ್ಯಾನೇಜರ್ ಇದರಿಂದ ಎಡವುವುದಿಲ್ಲ, ಅಂಕ ಹೋಗುವುದಿಲ್ಲ. ಆದರೆ ‘ಐ ಗೋ ಟು ಗ್ರ್ಯಾಂಡ್‌ಮದರ್ ಔಸ್’ ಅಂದರೆ ಹೋದನೋ, ಹೋಗುತ್ತಾನೋ, ದಿನಾ ಹೋಗುತ್ತಿರುತ್ತಾನೋ? ಅಲ್ಲಿ ಅವರು ತಡೆಯುತ್ತಾರೆ. ಅಲ್ಲಿ ಕಾಲದ ತಪ್ಪಿಗೆ ಬೆಲೆ ತೆರಬೇಕು. ‘ಯೆಸ್ಟರ್‌ಡೇ ಐ ಗೋ’ ಅಂದಿದ್ದರೆ ತೆರಬೇಕಿಲ್ಲ. ತಪ್ಪುಗಳನ್ನು ಎಣಿಸೋ ಕೆಲಸ ತಪ್ಪಿತು, ತಪ್ಪಿನಿಂದ ಆದ ತೊಂದರೆಯನ್ನಷ್ಟೇ ನೋಡಿದರಾಯಿತು. ಒಬ್ಬಟ್ಟು, ಕೊಟ್ಟಿಗೆ, ತೇರು ಇಂಥ ಹೆಸರುಗಳನ್ನು ಕನ್ನಡದಲ್ಲೇ ಹೇಳಿದರೂ ಪರವಾಗಿಲ್ಲ ಅಂತ ತೀರ್ಮಾನ ಮಾಡಿದೆವು. ಕ್ರಿಯಾಪದ ಕನ್ನಡದ್ದಾದರೆ ಮಾತ್ರ ಒಪ್ಪುವುದಿಲ್ಲ.

ಎರಡನೇ ಸಾಲು ‘ಓಡಿತೇ’. ಗೆರೆ ಎಳೆಯುವ ಪ್ರಶ್ನೆ: ‘ಮೊದಲ ವಾಕ್ಯ ಮುಗಿದ ಮೇಲೆ, ನಾನು ಕೆದಕದೆ, ಎರಡನೆಯದಕ್ಕೆ ತಾನಾಗಿ ಹೋದರೇ?’ ಹೋದರೆ ಮೇಲೆ. ಮೇಲೆ ಹೋದವರಲ್ಲಿ, ವಾಕ್ಯಗಳನ್ನು ‘ಬಿಕಾಸ್’, ‘ಬಟ್’, ‘ದೆನ್’ ಹಾಕಿ ಒಂದಕ್ಕೊಂದು ಹೆಣೆದಿದ್ದರೆ 4, ಬಿಡಿಬಿಡಿಯಾಗಿ ಇದ್ದರೆ 3. ಕೆಳಗೆ ಉಳಿದವರಲ್ಲಿ, ಒಂದಾದರೂ ಪೂರ್ತಿ ವಾಕ್ಯ ಬಂದಿದ್ದರೆ 2, ಬಿಡಿ ಪದಗಳಷ್ಟೇ ಆದರೆ 1.

ಮೂರನೆಯದು ‘ಜೊತೆ’, ಇದಕ್ಕೆ 2 ಅಂಕ ಮಾತ್ರ. ಜೊತೆಗಾರ ಕೇಳಿದ್ದಕ್ಕೆ ಉತ್ತರ ಕೊಟ್ಟರೆ 1. ತಾನೂ ಒಂದು ಪ್ರಶ್ನೆ ವಾಪಸ್ ಕೇಳಿದರೆ ಇನ್ನೊಂದು. ನಾಲ್ಕು, ನಾಲ್ಕು, ಎರಡು. ಹತ್ತಾಯಿತು. ಪೂರ್ತಿ ರೂಬ್ರಿಕ್ ಒಂದು ಬಸ್ ಟಿಕೆಟ್ಟಿನ ಹಿಂದೆ ಬರೆಯಬಹುದು.

ಬಾಯಿಯೇ ಬಿಡದಿದ್ದರೆ? ಸೊನ್ನೆ ಕೊಡುವುದಿಲ್ಲ. ಮೌನದಲ್ಲಿ ಅಳೆಯುವುದಕ್ಕೆ ಏನೂ ಇಲ್ಲ. ಪಟ್ಟಿಯಲ್ಲಿ ‘ಮತ್ತೆ’ ಅಂತ ಬರೆದು ಇನ್ನೊಂದು ದಿನಕ್ಕೆ ಕರೆಯುತ್ತೇನೆ.

ಇನ್ನು ಮಾಕ್ ಟೆಸ್ಟ್. ಕನ್ನಡದಲ್ಲಿ ಅಣಕು ಪರೀಕ್ಷೆ ಅನ್ನುತ್ತಾರೆ, ನನಗೆ ಆ ಹೆಸರು ಹಿಡಿಸುವುದಿಲ್ಲ, ಯಾರನ್ನೋ ಆಡಿಕೊಂಡಂತೆ ಇರುತ್ತದೆ. ಇದರ ಅಂಕ ಯಾವ ರಿಜಿಸ್ಟರಿಗೂ ಹೋಗುವುದಿಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿದ್ದೆ. ನಿಜ ಹೇಳಬೇಕೆಂದರೆ ನಾನು ಪರೀಕ್ಷೆ ಮಾಡಬೇಕಿದ್ದದ್ದು ರೂಬ್ರಿಕ್ಕನ್ನು ಮತ್ತು ನನ್ನನ್ನು.

ಲೆಕ್ಕ ನೋಡಿ. ಒಬ್ಬೊಬ್ಬರಿಗೆ ಮೂರು ನಿಮಿಷ ಅಂದರೆ 64 ಮಕ್ಕಳಿಗೆ 192 ನಿಮಿಷ. ಎದ್ದು ಬಂದು ಕೂರುವ ಹೊತ್ತು ಸೇರಿದರೆ ಆರು ಪೀರಿಯಡ್ಡಾದರೂ ಬೇಕು. ಜೋಡಿ ಮಾಡಿದರೆ 32 ಜೋಡಿ. ಜೋಡಿಗೆ ನಾಲ್ಕು ನಿಮಿಷ. ನಮ್ಮಲ್ಲಿ ಪೀರಿಯಡ್ ನಲವತ್ತು ನಿಮಿಷ. ಒಂದು ಪೀರಿಯಡ್ಡಿಗೆ ಎಂಟು ಜೋಡಿ ಇಟ್ಟರೆ 32 ನಿಮಿಷ ಮಾತಿಗೆ, ಎಂಟು ನಿಮಿಷ ಹಾಜರಿಗೆ ಮತ್ತು ಓಡಾಟಕ್ಕೆ. ನಾಲ್ಕು ದಿನದಲ್ಲಿ ಮುಗಿಯಿತು. ಒಂಬತ್ತು ಜೋಡಿ ತುರುಕಲು ಹೋಗಬೇಡಿ. ಒಂದು ಜೋಡಿ ತಡವಾದರೂ ಕೊನೆಯವರ ಮಾತು ಗಂಟೆಯಲ್ಲಿ ಮುಳುಗುತ್ತದೆ.

ಆ ನಾಲ್ಕು ನಿಮಿಷವನ್ನು ಹೀಗೆ ಹಂಚಿದೆ. ಮೊದಲ ಅರ್ಧ ನಿಮಿಷ ಹೆಸರು, ಊರು. ಅದಕ್ಕೆ ಅಂಕವಿಲ್ಲ, ಗಂಟಲು ಸರಿಮಾಡಿಕೊಳ್ಳಲು. ಆಮೇಲೆ ಒಬ್ಬೊಬ್ಬರಿಗೆ ಮುಕ್ಕಾಲು ನಿಮಿಷ ಒಂದೊಂದು ಪ್ರಶ್ನೆ. ಆಮೇಲೆ ಇಬ್ಬರೂ ಸೇರಿ ಒಂದೂವರೆ ನಿಮಿಷ ಮಾತು, ಅಲ್ಲಿ ನಾನು ಬಾಯಿ ಹಾಕುವುದಿಲ್ಲ. ಕೊನೆಯ ಅರ್ಧ ನಿಮಿಷ ನನ್ನದು. ಅವರು ಎದ್ದು ಹೋಗುವಾಗ ನಾನು ಬರೆಯುತ್ತೇನೆ. ಮಾತು ನಡೆಯುತ್ತಿರುವಾಗ ಅಂಕ ಬರೆಯುವುದಿಲ್ಲ, ಗೆರೆಯ ಮೇಲೋ ಕೆಳಗೋ ಅಂತ ಒಂದು ಬಾಣದ ಗುರುತು ಮಾತ್ರ ಹಾಕಿಕೊಳ್ಳುತ್ತೇನೆ. ಮಾತಾಡಿಸುವವಳೂ ಅಂಕ ಕೊಡುವವಳೂ ನಾನೇ ಆದ್ದರಿಂದ ಪ್ರಶ್ನೆಗಳನ್ನೆಲ್ಲ ಕಾರ್ಡಿನಲ್ಲಿ ಬರೆದಿಟ್ಟಿದ್ದೆ. ಮುಂದೆ ಏನು ಕೇಳಲಿ ಅಂತ ಯೋಚಿಸುವ ಕೆಲಸ ಇಲ್ಲದಿದ್ದರೆ ಕಿವಿ ಬಿಡುವಾಗಿರುತ್ತದೆ.

ಜಾಗ ವರಾಂಡ, ಬಾಗಿಲ ಪಕ್ಕ. ನನ್ನ ಮುಖ ತರಗತಿಯ ಕಡೆಗೆ, ಮಕ್ಕಳ ಬೆನ್ನು ತರಗತಿಗೆ. ಗೆಳೆಯರ ಮುಖ ಕಾಣದಿದ್ದರೆ ನಗು ಕಡಿಮೆ. ಮುಂದಿನ ಜೋಡಿ ಹೊಸ್ತಿಲ ಹತ್ತಿರದ ಬೆಂಚಿನಲ್ಲಿ ಸಿದ್ಧವಾಗಿರಬೇಕು. ಒಳಗೆ ಉಳಿದವರಿಗೆ ಬರೆಯುವ ಕೆಲಸ. ಆ ಹೊತ್ತಿಗೆ ಪಿ.ಇ. ಮೇಷ್ಟ್ರು ಬಿಡುವಿದ್ದರು, ಒಳಗೆ ಅವರು ಕೂತರು. ಅವರು ಇದ್ದರೆ ಸೊಳ್ಳೆ ಹಾರಿದ್ದೂ ಕೇಳಿಸುತ್ತದೆ. ಜೊತೆಗಾರ ಗೈರಾದರೆ ಮಾನಿಟರ್ ಬಂದು ಕೂರುತ್ತಾನೆ, ಅವನಿಗೆ ಮತ್ತೆ ಅಂಕವಿಲ್ಲ.

‘ಮೊದಲು ಬಂದವರು ಹೋಗಿ ಪ್ರಶ್ನೆ ಹೇಳಿಬಿಡುವುದಿಲ್ಲವೇ?’ ಅಂತ ಇಲ್ಲಿ ಒಬ್ಬರು ಕೇಳಿದರು. ಹೇಳುತ್ತಾರೆ. ನನ್ನ ಹತ್ತಿರ ಆರು ಕಾರ್ಡು, ಆರರ ವಿಷಯವನ್ನೂ ನಾನೇ ಹಿಂದಿನ ವಾರ ಬೋರ್ಡಿನಲ್ಲಿ ಬರೆದಿದ್ದೆ: ಮನೆಯ ಪ್ರಾಣಿ, ಹೋದ ಹಬ್ಬ, ಸಂತೆ, ಊಟ, ಆಟ, ನೆಂಟರು. ಯಾವ ಕಾರ್ಡು ಯಾರಿಗೆ ಅನ್ನೋದಷ್ಟೇ ಗುಟ್ಟು. ಕದಿಯೋಕೆ ಏನೂ ಇಲ್ಲದ ಮೇಲೆ ಬೀಗ ಯಾಕೆ?

ಆದರೆ ಇದರಿಂದ ಬಾಯಿಪಾಠ ಹೆಚ್ಚಿತು. ಅದನ್ನು ಹಿಡಿಯೋದು ಕಷ್ಟ ಅಲ್ಲ. ಬಾಯಿಪಾಠದವರ ಕಣ್ಣು ಮಾಡಿನ ಕಡೆ ಇರುತ್ತದೆ, ವೇಗ ಬದಲಾಗುವುದಿಲ್ಲ, ನಡುವೆ ತಡೆದರೆ ಮೊದಲಿಂದ ಶುರು ಮಾಡುತ್ತಾರೆ. ನಿಜವಾಗಿ ಮಾತಾಡುವವರು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತಾರೆ. ಪ್ರತಿ ಕಾರ್ಡಿನ ಕೆಳಗೆ ಒಂದು ಅಡ್ಡ ಪ್ರಶ್ನೆ ಬರೆದಿದ್ದೆ. ಹಬ್ಬದ ಕಾರ್ಡಿಗೆ ‘ಈ ಸಲ ಹಬ್ಬಕ್ಕೆ ಯಾರು ಬರಲಿಲ್ಲ?’ ಅಂತ. ಯಾವ ಗೈಡಿನಲ್ಲೂ ಅದಕ್ಕೆ ಉತ್ತರವಿಲ್ಲ. ಬಾಯಿಪಾಠ ಅನ್ನಿಸಿದರೆ ಅಡ್ಡ ಪ್ರಶ್ನೆ ಕೇಳಿ, ಅಲ್ಲಿಂದ ಮುಂದಿನದಕ್ಕೆ ಮಾತ್ರ ಅಂಕ.

ಆ ಇಬ್ಬರು ಇಲ್ಲಿ ಏನು ಪಡೆದರು ಅಂತ ಹೇಳುತ್ತೇನೆ. ಕರುವಿನ ಹುಡುಗನಿಗೆ ಮನೆಯ ಪ್ರಾಣಿಯ ಕಾರ್ಡೇ ಬಂತು, ಅದೃಷ್ಟ. ಕಥೆ ಮತ್ತೆ ಬಂತು, ‘ಕಾಫ್ ಪುಟ್’ ಕೂಡ ಬಂತು. ಮ್ಯಾನೇಜರ್ ಅಲ್ಲಿ ಒಂದು ಕ್ಷಣ ತಡೆದಿರುತ್ತಾರೆ, ಆದರೆ ಕರು ಎದ್ದು ಬಿದ್ದದ್ದನ್ನು ಕೇಳಿ ಹಿಂದಿನದು ಊಹಿಸಿಕೊಂಡಿರುತ್ತಾರೆ. ಮುಟ್ಟಿತೇ: 3. ತಾನಾಗಿ ವಾಕ್ಯದ ಮೇಲೆ ವಾಕ್ಯ ಹೇಳಿದ, ಆದರೆ ಹೆಣೆದಿರಲಿಲ್ಲ. ಓಡಿತೇ: 3. ಜೊತೆಗಾರನನ್ನು ‘ಯುವರ್ ಕೌ ಹೌ ಮಚ್ ಮಿಲ್ಕ್?’ ಅಂತ ಕೇಳಿದ. ಜೊತೆ: 2. ಒಟ್ಟು 8. ಮುಂದಿನ ಬೆಂಚಿನ ಹುಡುಗಿಗೆ ಸಂತೆ ಬಂತು. ಪ್ರಬಂಧ ಶುರುವಾಯಿತು. ‘ಹೋದ ವಾರ ನೀನು ಏನು ಕೊಂಡೆ?’ ಅಂತ ಅಡ್ಡ ಪ್ರಶ್ನೆ ಹಾಕಿದೆ. ಎರಡು ಸಲ ಕೇಳಬೇಕಾಯಿತು. ಆಮೇಲೆ ‘ಐ ಬಾಟ್ ಬ್ಯಾಂಗಲ್ಸ್’ ಅಂದು ನಿಂತಳು. 2, 2, ಜೊತೆಗೆ 1. ಒಟ್ಟು 5. ನನ್ನ ಹಳೆಯ ಮೂವತ್ತರ ಪಟ್ಟಿಯಲ್ಲಿ ಅವಳು ಅವನಿಗಿಂತ ಬಹಳ ಮೇಲಿದ್ದಳು.

ಈಗ ಏನೇನು ಕೆಟ್ಟಿತು ಅಂತ.

ಮೊದಲ ದಿನ ಎಂಟು ಮಕ್ಕಳ ಮಾತನ್ನು ರೆಕಾರ್ಡ್ ಮಾಡಿಟ್ಟಿದ್ದೆ. ನಾಲ್ಕನೇ ದಿನ ಸಂಜೆ, ಹಳೆಯ ಅಂಕ ನೋಡದೆ ಅವರಿಗೆ ಮತ್ತೆ ಅಂಕ ಕೊಟ್ಟೆ. ಇದನ್ನು ದಯವಿಟ್ಟು ಎಲ್ಲರೂ ಮಾಡಿ, ಅರ್ಧ ಗಂಟೆ ಸಾಕು. ರೆಕಾರ್ಡಿಂಗ್ ಕೇಳಿದಾಗ ಮೂವರ ಅಂಕ ಹಾಗೇ ಇತ್ತು. ಐವರದು ಇಳಿಯಿತು, ಒಬ್ಬಳದು 8ರಿಂದ 6ಕ್ಕೆ. ಯಾರದೂ ಏರಲಿಲ್ಲ. ಎರಡೂ ಕಡೆ ಚೆದುರಿದ್ದರೆ ಅದು ಸಹಜ ತಪ್ಪು ಅನ್ನಬಹುದಿತ್ತು. ಎಲ್ಲ ಒಂದೇ ದಿಕ್ಕಿಗೆ ಹೋಗಿದೆ ಅಂದರೆ ಅಳತೆಗೋಲೇ ಜಾರಿದೆ ಅಂತ ಅರ್ಥ.

ಎಲ್ಲಿ ಜಾರಿತು ಅಂತ ಸಾಲುಸಾಲಾಗಿ ನೋಡಿದೆ. ಹೆಚ್ಚಿನದೆಲ್ಲ ‘ಓಡಿತೇ’ ಸಾಲಿನಲ್ಲಿ. ರೆಕಾರ್ಡಿಂಗಿನಲ್ಲಿ ನನ್ನ ದನಿಯೇ ಸಾಕ್ಷಿ ಹೇಳಿತು. ಮಗು ಒಂದು ವಾಕ್ಯ ಹೇಳಿ ನಿಲ್ಲುತ್ತದೆ, ನಾನು ‘ಹೂಂ… ದೆನ್? ವಾಟ್ ಹ್ಯಾಪನ್ಡ್?’ ಅನ್ನುತ್ತೇನೆ, ಮಗು ಮುಂದುವರಿಯುತ್ತದೆ, ನಾನು ‘ತಾನಾಗಿ ಹೋದಳು’ ಅಂತ ಬರೆಯುತ್ತೇನೆ. ಕೆದಕಿದ್ದು ನನಗೇ ಗೊತ್ತಿಲ್ಲ! ಮೊದಲ ದಿನ ಉತ್ಸಾಹದಲ್ಲಿ ಜಾಸ್ತಿ ಕೆದಕಿದ್ದೆ, ನಾಲ್ಕನೇ ದಿನ ಗಂಟಲು ಬತ್ತಿ ಸುಮ್ಮನಿದ್ದೆ. ಮೊದಲ ದಿನದವರಿಗೆ ಲಾಭ, ಕೊನೆಯ ದಿನದವರಿಗೆ ನಷ್ಟ. ಅದಕ್ಕೆ ಈಗ ನಿಯಮ ಬರೆದಿದ್ದೇನೆ. ತಲೆಯಾಡಿಸುವುದು, ‘ಹೂಂ’ ಅನ್ನುವುದು ಕೆದಕಿದ್ದಲ್ಲ. ಪ್ರಶ್ನೆಪದ ಬಾಯಿಂದ ಬಿದ್ದರೆ ಕೆದಕಿದ್ದೇ. ಮಗು ನಿಂತರೆ ಮನಸ್ಸಿನಲ್ಲಿ ಐದು ಎಣಿಸುತ್ತೇನೆ, ಆಮೇಲೆ ಕೇಳುತ್ತೇನೆ. ಐದು ಎಣಿಸೋದು ಬಹಳ ಕಷ್ಟ, ನೀವು ಮಾಡಿ ನೋಡಿ. ನಾವು ಮೇಷ್ಟ್ರುಗಳು ಎರಡಕ್ಕೇ ಬಾಯಿ ಬಿಡುತ್ತೇವೆ.

ಎರಡನೆಯದು ಹಳೆಯ ರೋಗ. 1920ರಲ್ಲೇ ಎಡ್ವರ್ಡ್ ಥಾರ್ನ್‌ಡೈಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಬರೆದಿದ್ದು. ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಬುದ್ಧಿ, ಮೈಕಟ್ಟು, ನಾಯಕತ್ವ, ನಡತೆ ಅಂತ ಬೇರೆ ಬೇರೆ ಅಂಕ ಕೊಟ್ಟರೂ ಅವೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಒಂದರಲ್ಲಿ ಒಳ್ಳೆಯವನಾದರೆ ಎಲ್ಲದರಲ್ಲೂ ಒಳ್ಳೆಯವನು. ನನ್ನ ಪಟ್ಟಿಯಲ್ಲೂ ಅದೇ ಕಂಡಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ‘ಮುಟ್ಟಿತೇ’, ‘ಓಡಿತೇ’ ಎರಡರಲ್ಲೂ ಒಂದೇ ಅಂಕ. ಸ್ವಲ್ಪ ಮಟ್ಟಿಗೆ ಅದು ನಿಜವೂ ಇರಬಹುದು, ಚೆನ್ನಾಗಿ ಮಾತಾಡುವವರಿಗೆ ಎರಡೂ ಬರುತ್ತದೆ. ಆದರೆ ತರಗತಿಯ ಮೊದಲ ರ‍್ಯಾಂಕಿನ ಹುಡುಗನಿಗೆ 4, 4 ಕೊಟ್ಟಿದ್ದೆ. ಅವನ ಹೆಸರಿನ ಮುಂದೆ ನಾನೇ ಹಾಕಿದ ಬಾಣ ನೋಡಿದರೆ ‘ಓಡಿತೇ’ಯಲ್ಲಿ ಕೆಳಮುಖ! ಬಾಣ ಕಿವಿ ಹಾಕಿದ್ದು, ಅಂಕ ಅವನ ಹೆಸರು ಹಾಕಿಸಿದ್ದು. ಹೊಸ ಪಟ್ಟಿಯಲ್ಲಿ ಹೆಸರಿಲ್ಲ, ರೋಲ್ ನಂಬರ್ ಮಾತ್ರ. ಎದುರಿಗೆ ಕೂತವನನ್ನು ಮರೆಯಲು ಆಗುವುದಿಲ್ಲ, ನಿಜ. ಆದರೂ ಬಾಣಕ್ಕೂ ಅಂಕಕ್ಕೂ ತಾಳೆಯಾಗುತ್ತದೆಯೇ ಅಂತ ದಿನದ ಕೊನೆಯಲ್ಲಿ ನೋಡಿಕೊಂಡರೆ ಇಂಥವು ಸಿಕ್ಕಿಬೀಳುತ್ತವೆ.

ಮೂರನೆಯದನ್ನು ಮಕ್ಕಳೇ ಮಾಡಿದರು. ಟೆಸ್ಟಿಗೆ ಮುಂಚೆ ರೂಬ್ರಿಕ್ಕನ್ನು ಕನ್ನಡದಲ್ಲಿ ಚಾರ್ಟಿನ ಮೇಲೆ ಬರೆದು ಗೋಡೆಗೆ ಹಾಕಿದ್ದೆ. ಹೆಣೆದರೆ 4 ಅಂತ ಓದಿದ ಒಬ್ಬ ಮಹಾಶಯ ‘ದೆನ್ ಐ ಸ್ಲೀಪ್, ದೆನ್ ಮೈ ಸಿಸ್ಟರ್ ನೇಮ್ ರೂಪಾ, ದೆನ್ ಮ್ಯಾಂಗೋ’ ಅಂತ ಹೊರಟ. ಪ್ರಶ್ನೆ ತಿದ್ದಬೇಕಾಯಿತು: ‘ಹೆಣೆದ ಪದವನ್ನು ತೆಗೆದರೆ ಅರ್ಥಕ್ಕೆ ನಷ್ಟ ಆಗುತ್ತದೆಯೇ?’ ಆ ದೆನ್ ತೆಗೆದರೆ ಏನೂ ನಷ್ಟವಿಲ್ಲ, ಹಾಗಾಗಿ 3. ಅವನ ಮೇಲೆ ನನಗೆ ಸಿಟ್ಟಿಲ್ಲ. ರೂಬ್ರಿಕ್ಕಿನಲ್ಲಿ ತೂತು ಎಲ್ಲಿದೆ ಅಂತ ಅವನೇ ತೋರಿಸಿಕೊಟ್ಟ.

ಜೋಡಿ ಮಾಡುವುದರಲ್ಲೂ ಎಡವಿದೆ. ರೋಲ್ ನಂಬರ್ ಪ್ರಕಾರ ಕೂರಿಸಿದ್ದರಿಂದ ಕೆಲವು ಕಡೆ ಒಬ್ಬನೇ ಒಂದೂವರೆ ನಿಮಿಷ ನುಂಗಿದ. ಈಗ ತಮ್ಮ ಜೊತೆಗಾರರನ್ನು ಮಕ್ಕಳೇ ಆರಿಸಿಕೊಳ್ಳುತ್ತಾರೆ.

ಈ ಹತ್ತರ ಅಳತೆ ಎಷ್ಟು ನಂಬಿಕಸ್ಥ? ಕನ್ನಡ ಮೇಡಂ ಆ ಎಂಟು ರೆಕಾರ್ಡಿಂಗಿಗೆ ಬೇರೆ ಅಂಕ ಕೊಟ್ಟರು. ಸಾಲುಗಳಲ್ಲಿ ಹೆಚ್ಚಿನವು ನನ್ನ ಅಂಕಕ್ಕೆ ಸರಿಹೊಂದಿದವು, ಕೆಲವು ಒಂದು ಅಂಕ ಆಚೀಚೆ. ಹಾಗಾಗಿ 6 ಪಡೆದವನಿಗಿಂತ 7 ಪಡೆದವನು ಮೇಲು ಅಂತ ನಾನು ಹೇಳುವುದಿಲ್ಲ. 4ಕ್ಕೂ 8ಕ್ಕೂ ವ್ಯತ್ಯಾಸ ಇದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಅಂಕಕ್ಕಿಂತ ನನಗೆ ಉಪಯೋಗಕ್ಕೆ ಬಂದದ್ದು ಸಾಲು. ‘ಮುಟ್ಟಿತೇ’ 3, ‘ಓಡಿತೇ’ 2 ಇರುವ ಮಕ್ಕಳು ಹತ್ತೊಂಬತ್ತು ಮಂದಿ ಇದ್ದರು. ಅವರಿಗೆ ವ್ಯಾಕರಣ ಬೇಡ, ಎರಡನೇ ವಾಕ್ಯ ಬೇಕು. ಅವರಿಗೆ ದಿನಾ ಹಾಜರಿ ಕೂಗುವಾಗ ‘ಪ್ರೆಸೆಂಟ್ ಮಿಸ್’ ಅಂದಮೇಲೆ ಇನ್ನೊಂದು ವಾಕ್ಯ ಸೇರಿಸಬೇಕು ಅಂತ ಮಾಡಿದ್ದೇನೆ. ‘ಪ್ರೆಸೆಂಟ್ ಮಿಸ್, ಬಸ್ಸು ಲೇಟ್.’ ಸದ್ಯಕ್ಕೆ ಅಷ್ಟು.

ಮೌನವಾಗಿ ಕೂರುವ ಮಕ್ಕಳ ಬಗ್ಗೆ ಹಿಂದಿನ ಸಾಲಿನಿಂದ ಕೇಳಿದರು. ನನ್ನ ಪಟ್ಟಿಯಲ್ಲಿ ‘ಮತ್ತೆ’ ಅಂತ ಬರೆದವರು ಐವರು. ನಾಲ್ವರು ಎರಡನೇ ಸಲ ಏನೋ ಹೇಳಿದರು. ಒಬ್ಬಳು ಎರಡು ಸಲವೂ ಸೆರಗಿನ ಹಾಗೆ ದುಪಟ್ಟಾದ ತುದಿ ಸುತ್ತುತ್ತಾ ಕೂತಿದ್ದಳು. ಮೂರನೇ ಸಲ ಅವಳ ಚಿಕ್ಕಮ್ಮನ ಮಗಳನ್ನು ಜೊತೆಗೆ ಕೂರಿಸಿದೆ, ಅವಳೂ ಅದೇ ತರಗತಿ. ಊಟದ ಕಾರ್ಡು. ನನ್ನ ಪ್ರಶ್ನೆಗೆ ಎರಡನೇ ಸಲ ಕೇಳಿದಾಗ ‘ಮೈ ಮದರ್ ಮೇಕ್ ಮುದ್ದೆ’ ಅಂದಳು. ಮುಟ್ಟಿತೇ 2, ಓಡಿತೇ 2. ಆಮೇಲೆ ಇಬ್ಬರ ಮಾತು. ಅವಳು ತಂಗಿಯ ಕಡೆ ಬಾಗಿ ಏನೋ ಅಂದಳು. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ತಂಗಿ ಮಾತ್ರ ಗಟ್ಟಿಯಾಗಿ ‘ನೋ, ಐ ಲೈಕ್ ಚಪಾತಿ’ ಅಂದಳು.

ಉತ್ತರ ಬಂದಿದೆ ಅಂದಮೇಲೆ ಪ್ರಶ್ನೆ ಹೋಗಿದೆ ತಾನೇ? ‘ಜೊತೆ’ಗೆ 1 ಬರೆದೆ. ಒಟ್ಟು 5.